ಮಳೆಗಿಳೆ, ಕಾಫಿಗೀಫಿ: ‘ಗಿ’ಕಾರದ ಜೋಡಿಪದಗಳನ್ನು ಇಂಗ್ಲಿಷಿಗೆ ತರುವ ಬಗೆ

ಒಂದು ಪದವನ್ನು ಹೇಳಿ, ಅದರ ಮೊದಲ ಅಕ್ಷರದ ಜಾಗದಲ್ಲಿ ‘ಗಿ’ ಅಥವಾ ‘ಗೀ’ ಇಟ್ಟು ಮತ್ತೊಮ್ಮೆ ಹೇಳುವುದು ಕನ್ನಡದ ಪ್ರತಿಧ್ವನಿ ಪದದ ರೀತಿ. ಮೊದಲ ಸ್ವರ ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’ ಬರುತ್ತದೆ: ಮರಗಿರ, ಕೊಡೆಗಿಡೆ, ಹಾವುಗೀವು, ಪೇಟೆಗೀಟೆ. ‘ಗಿಡ’ದಂತಹ ಪದಕ್ಕೆ ಈ ಸೂತ್ರ ಹೊಂದುವುದಿಲ್ಲ, ಏಕೆಂದರೆ ಪ್ರತಿಧ್ವನಿಯೂ ‘ಗಿಡ’ವೇ ಆಗಿಬಿಡುತ್ತದೆ, ಅಲ್ಲಿ ‘ಗಿಡಗಂಟಿ’ ಎಂಬ ಜೋಡುನುಡಿ ನೆರವಿಗೆ ಬರುತ್ತದೆ.

ಎರಡನೆಯ ಭಾಗಕ್ಕೆ ಸ್ವಂತ ಅರ್ಥವಿಲ್ಲದಿದ್ದರೂ ಅದು ‘ಇದು ಅಥವಾ ಇಂಥದ್ದೇ ಬೇರೇನಾದರೂ’ ಎಂಬ ಅಸ್ಪಷ್ಟತೆಯನ್ನು ತರುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಆ ಪದಕ್ಕೆ ಸಮಾನಪದ ಹುಡುಕದೆ, ಇಡೀ ವಾಕ್ಯದ ಸ್ವರೂಪವನ್ನು ನೋಡಬೇಕು. ತೀರ್ಥಹಳ್ಳಿಯ ಕಡೆ ಅಂಗಳದಲ್ಲಿ ಅಡಿಕೆ ಒಣಹಾಕಿದವರು ‘ಮಳೆಗಿಳೆ ಬಂದರೆ ಒಳಗೆ ತಂದುಹಾಕು’ ಎಂದು ಮಗನಿಗೆ ಹೇಳಿದರೆನ್ನಿ. ಇದು ಷರತ್ತಿನ ವಾಕ್ಯ. ಮಳೆಯೇ ಬರಬೇಕೆಂದಿಲ್ಲ, ಹನಿಯೋ ಮಂಜೋ ಆದರೂ ಸಾಕು. ‘ಇಫ್ ಇಟ್ ರೇನ್ಸ್ ಆರ್ ಎನಿಥಿಂಗ್’ ಎಂದರೆ ಆ ಸಡಿಲತೆ ಉಳಿಯುತ್ತದೆ. ಇದನ್ನೇ ‘ರೇನ್ ಅಂಡ್ ಸ್ಟಫ್’ ಎಂದರೆ ಮಳೆಯೊಡನೆ ಬೇರೇನೋ ಖಂಡಿತ ಬರುತ್ತದೆಂಬ ಭಾವನೆ ಹುಟ್ಟಿ ಅರ್ಥ ಕೆಡುತ್ತದೆ. ‘ಪೇಟೆಗೀಟೆಗೆ ಹೋಗಿದ್ದಾನೆಯೇ?’ ಎಂಬ ಪ್ರಶ್ನೆಗಾದರೆ ‘ಆರ್ ಸಮ್‌ಥಿಂಗ್’ ಹೊಂದುತ್ತದೆ.

ನಿಷೇಧ ಸೇರಿದಾಗ ಧಾಟಿಯೇ ಬದಲಾಗುತ್ತದೆ. ‘ಆಸ್ಪತ್ರೆಗೀಸ್ಪತ್ರೆ ಏನೂ ಬೇಡ, ಕಷಾಯ ಸಾಕು’ ಎನ್ನುವ ಅಜ್ಜಿಯ ಮಾತಿನಲ್ಲಿ ಅಸ್ಪಷ್ಟತೆಗಿಂತ ತಾತ್ಸಾರವೇ ಹೆಚ್ಚು. ‘ಐ ಡೋಂಟ್ ನೀಡ್ ಎನಿ ಹಾಸ್ಪಿಟಲ್’ ಎಂಬಲ್ಲಿ ‘ಎನಿ’ಯ ಮೇಲೆ ಒತ್ತು ಬಿದ್ದರೆ ಆ ತಾತ್ಸಾರ ಸಾಕಷ್ಟು ಕೇಳಿಸುತ್ತದೆ. ಯಿದ್ದಿಷ್ ಭಾಷೆಯಿಂದ ಇಂಗ್ಲಿಷಿಗೆ ಬಂದ ‘ಫ್ಯಾನ್ಸಿ-ಶ್ಮ್ಯಾನ್ಸಿ’ ಎಂಬ ಮಾದರಿಯೂ ಒಂದಿದೆ. ಅದು ನಮ್ಮ ‘ಗಿ’ಯಂತೆಯೇ ಕಂಡರೂ ಅಣಕಕ್ಕೆ ಮಾತ್ರ ಸಲ್ಲುವುದರಿಂದ ಮಳೆಗಿಳೆಗೆ ಅದನ್ನು ಬಳಸಲಾಗದು.

ದ್ವಿರುಕ್ತಿಯ ಕೆಲಸ ಬೇರೆ. ಅಲ್ಲಿ ಪದ ಬದಲಾಗದೆ ಮರುಕಳಿಸುವುದರಿಂದ ಅರ್ಥ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ ಅಥವಾ ಹರಡುತ್ತದೆ. ‘ಮನೆಮನೆಗೆ’ ಎಂಬುದು ‘ಟು ಎವ್ರಿ ಹೌಸ್’ ಆಗುತ್ತದೆ. ಎರಡೂ ಒಂದೇ ವಾಕ್ಯದಲ್ಲಿ ಕೂಡಿದರೆ ಒಂದೊಂದನ್ನು ಬಿಟ್ಟು ಓದಿ ನೋಡಬೇಕು. ‘ಬಿಸಿಬಿಸಿ ಕಾಫಿಗೀಫಿ ಕುಡಿದು ಹೋಗಿ’ ಎಂಬಲ್ಲಿ ಒಂದು ‘ಬಿಸಿ’ಯನ್ನು ತೆಗೆದರೆ ಕರೆಯ ಅಕ್ಕರೆ ಕುಗ್ಗುತ್ತದೆ, ‘ಗೀಫಿ’ಯನ್ನು ತೆಗೆದರೆ ಕಾಫಿ ಕುಡಿಯದ ಅತಿಥಿಗೆ ಕಷಾಯವನ್ನೋ ಮಜ್ಜಿಗೆಯನ್ನೋ ಕೇಳುವ ಅವಕಾಶ ಕಡಿಮೆಯಾಗುತ್ತದೆ. ಇವೆರಡನ್ನೂ ಉಳಿಸಲು ‘ಹ್ಯಾವ್ ಎ ನೈಸ್ ಹಾಟ್ ಕಾಫಿ ಆರ್ ಸಮ್‌ಥಿಂಗ್ ಬಿಫೋರ್ ಯು ಗೋ’ ಎನ್ನಬಹುದು. ‘ಹಾಟ್ ಹಾಟ್ ಕಾಫಿ’ ಎಂಬ ರೂಪ ನಮ್ಮ ನಡುವೆ ನಡೆಯುತ್ತದೆಯಾದರೂ ಹೊರಗಿನ ಓದುಗರಿಗೆ ಅದು ಅನುವಾದವಾಗಿ ಕಾಣುವುದಿಲ್ಲ, ಕನ್ನಡವಾಗಿಯೇ ಕೇಳಿಸುತ್ತದೆ.