ಗೇಮ್ ಮೆನುವಿನಲ್ಲೇ ಕಾರ್ಡ್ ಚೀಂಯ್ ಅನ್ನೋದು ಯಾಕೆ?

ಪ್ರಶ್ನೆ: ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೇನೆ. ಗೇಮಿನ ಮೆನು ತೆರೆದ ಕೂಡಲೇ ಚೀಂಯ್ ಅಂತ ಸಣ್ಣ ದನಿ ಬರುತ್ತದೆ. ಆಟ ಶುರುವಾದರೆ ಕಡಿಮೆ ಆಗುತ್ತದೆ. ಅಂಗಡಿಯವರು ಫ್ಯಾನ್ ಅಂತಾರೆ. ಕಾರ್ಡ್ ಕೆಟ್ಟಿದೆಯಾ ಸರ್? (ಕಲಬುರಗಿಯಿಂದ ಒಬ್ಬ ಓದುಗರು)

ಉತ್ತರ: ಕೆಟ್ಟಿಲ್ಲ. ಫ್ಯಾನ್ ಕೂಡ ಅಲ್ಲ ಅನ್ನಿಸುತ್ತದೆ. ಫ್ಯಾನಿನ ವೇಗ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ನಿಮ್ಮ ದನಿ ಪರದೆ ಬದಲಾದ ಕ್ಷಣಕ್ಕೇ ಬದಲಾಗುತ್ತಿದೆ. ಇದು ಕಾಯಿಲ್ ವೈನ್.

ಕಾರ್ಡಿನ ಮೇಲೆ ಚೌಕಾಕಾರದ ಸಣ್ಣ ಕಾಯಿಲ್‌ಗಳ ಸಾಲು ಇರುತ್ತದೆ. ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಚಿಪ್ಪಿಗೆ ಬೇಕಾದ ಸುಮಾರು 1 ವೋಲ್ಟಿಗೆ ಇಳಿಸುವ ಕೆಲಸದಲ್ಲಿ ಅವುಗಳದ್ದೂ ಪಾಲಿದೆ. ಕರೆಂಟ್ ಏರಿಳಿದಂತೆ ಅಯಸ್ಕಾಂತದ ಬಲವೂ ಏರಿಳಿದು, ಕಾಯಿಲಿನ ತಂತಿ ಮತ್ತು ತಿರುಳು ಕೂದಲೆಳೆಯಷ್ಟೂ ಅಲ್ಲದ ಮಟ್ಟಿಗೆ ಅದುರುತ್ತವೆ. ಈ ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುತ್ತದೆ, ಅದು ಕಿವಿಗೆ ಕೇಳಿಸೋದಿಲ್ಲ. ನಮಗೆ ಕೇಳಿಸುವ ಮಿತಿ ಸುಮಾರು 20,000 ಹರ್ಟ್ಜ್. ಆದರೆ ಒಂದೊಂದು ಫ್ರೇಮ್ ಬರೆಯುವಾಗಲೂ ಚಿಪ್ ಎಳೆಯುವ ಕರೆಂಟ್ ಒಮ್ಮೆ ಏರಿ ಇಳಿಯುತ್ತದೆ.

ಮೆನುವಿನಲ್ಲಿ ಚಿತ್ರ ಸರಳ. ಕಾರ್ಡಿಗೆ ಕಡಿವಾಣ ಇಲ್ಲ. ಸುಮ್ನೆ ಸೆಕೆಂಡಿಗೆ 900 ಫ್ರೇಮ್ ಬರೆದಿತು ಅಂದುಕೊಳ್ಳಿ. ಆಗ ಕರೆಂಟ್ ಸೆಕೆಂಡಿಗೆ 900 ಸಲ ಕುಣಿಯುತ್ತದೆ, ಆ ಸ್ವರ ಮತ್ತು ಅದರ ಮೇಲಿನ ಸ್ವರಗಳು ಕಿವಿಗೆ ಚೆನ್ನಾಗಿ ಕೇಳಿಸುತ್ತವೆ. ಆಟದಲ್ಲಿ 90ಕ್ಕೆ ಇಳಿದರೆ ಚೀರಾಟವೂ ತಗ್ಗುತ್ತದೆ.

ಹಾಗಾದರೆ ಮದ್ದು ಅಲ್ಲೇ ಇದೆ, ಅಲ್ವಾ? ನಿಮ್ಮ ಮಾನಿಟರ್ 75 ಹರ್ಟ್ಜ್‌ನದ್ದಾದರೆ 900 ಫ್ರೇಮ್ ಯಾರಿಗೆ ಬೇಕು? ಎನ್ವಿಡಿಯಾ ಕಾರ್ಡ್ ಆದರೆ NVIDIA Control Panel ತೆರೆದು, Manage 3D settings ಒಳಗೆ Max Frame Rate ಆನ್ ಮಾಡಿ 75 ಅಂತ ಕೊಡಿ. ಗೇಮಿನೊಳಗೇ ವಿ-ಸಿಂಕ್ ಆನ್ ಮಾಡಿದರೂ ನಡೆಯುತ್ತದೆ. ಮೆನು ಸುಮ್ಮನಾದರೆ ರೋಗ ಗುರುತಾಯಿತು, ಮದ್ದೂ ಆಯಿತು.

ಆಟದ ನಡುವೆಯೂ ದನಿ ಉಳಿದರೆ MSI Afterburner ಅನ್ನೋ ಸಾಫ್ಟ್‌ವೇರ್‌ನಲ್ಲಿ Power Limit ಅನ್ನು 100 ರಿಂದ 85ಕ್ಕೆ ಇಳಿಸಿ ನೋಡಿ. ವೇಗ ಸ್ವಲ್ಪ ಕಡಿಮೆ ಆಗುತ್ತದೆ, ಕರೆಂಟೂ ಬಿಸಿಯೂ ಕಡಿಮೆ ಆಗುತ್ತವೆ. ನಮ್ಮ ಕಡೆಯ ಮೇ ತಿಂಗಳಿಗೆ ಅದು ಲಾಭವೇ. ದನಿ ಮುಚ್ಚಲು ಕೇಸಿನ ಗಾಳಿಕಿಂಡಿಗೆ ಫೋಮ್ ಅಂಟಿಸಬೇಡಿ. ಈ ಬಿಸಿಲಲ್ಲಿ ಕಾರ್ಡ್ ಬೆಂದೇಹೋಗುತ್ತದೆ.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಬಂದಾಗ ಮಾತ್ರ ದಪ್ಪ ದನಿಯಲ್ಲಿ ಗುಂಯ್ ಅಂದರೆ ಕಾರ್ಡನ್ನು ಬಿಡಿ, ಪವರ್ ಸಪ್ಲೈ ಕಡೆ ನೋಡಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಒರಟು ಕರೆಂಟಿಗೆ ಕೆಲವು ಪವರ್ ಸಪ್ಲೈಗಳು ಹೀಗೆ ಗುಂಯ್‌ಗುಡುತ್ತವೆ. ಸೈನ್ ವೇವ್ ಇನ್ವರ್ಟರ್ ಇದ್ದವರ ಮನೆಯಲ್ಲಿ ಒಮ್ಮೆ ಹಚ್ಚಿ ನೋಡಿ.

ವಾರಂಟಿಯಲ್ಲಿ ಬದಲಿಸಿ ಕೊಡುತ್ತಾರೆ ಅಂತ ಜಾಸ್ತಿ ನಂಬಬೇಡಿ, ಇದನ್ನು ಕಂಪನಿಗಳು ಸಾಮಾನ್ಯವಾಗಿ ದೋಷ ಅಂತ ಒಪ್ಪೋದಿಲ್ಲ. ಕೊಂಡು ಇನ್ನೂ ಕೆಲವೇ ದಿನ ಆಗಿದ್ದರೆ ವಾಪಸ್ ಕೊಡಲು ಆಗುತ್ತದಾ ಅಂತ ಅಂಗಡಿಯಲ್ಲೇ ಕೇಳಿ. ಸುಟ್ಟ ವಾಸನೆ ಬಂದರೆ, ಪಟಪಟ ಸದ್ದಾದರೆ ಅಥವಾ ಪಿಸಿ ತಾನಾಗೇ ಆಫ್ ಆದರೆ ಅದು ಕಾಯಿಲ್ ವೈನ್ ಅಲ್ಲ, ತಕ್ಷಣ ಪ್ಲಗ್ ತೆಗೆಯಿರಿ.