ಪಿಒ ತಾರೀಖು ತಿದ್ದಿದರೆ ಸಪ್ಲೈಯರ್ ಅಂಕವೂ ಬದಲಾಗುತ್ತದೆ

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಸಪ್ಲೈಯರ್‌ಗಳಿಗೆ ಅಂಕ ಕೊಡಲು ಬೇಕಾದ ಮಾಹಿತಿಯೆಲ್ಲ ನಮ್ಮ ಸ್ಯಾಪ್ ಸಾಫ್ಟ್‌ವೇರ್‌ನಲ್ಲೇ ಇದೆ. ಕಷ್ಟ ಇರುವುದು ಯಾವ ತಾರೀಖನ್ನು ನಂಬಬೇಕು ಅನ್ನುವುದರಲ್ಲಿ.

ಕಳೆದ ವರ್ಷ ಎರಡು ಫೌಂಡ್ರಿಗಳ ಮೂರು ತಿಂಗಳ ಲೆಕ್ಕ ತೆಗೆದೆ. ಒಂದನ್ನು ‘ಅ’, ಇನ್ನೊಂದನ್ನು ‘ಬ’ ಅನ್ನೋಣ. ಇಬ್ಬರಿಗೂ 20 ಡೆಲಿವರಿ ಸಾಲುಗಳಿದ್ದವು. ರಿಪೋರ್ಟ್ ಪ್ರಕಾರ ‘ಅ’ 18 ಸಾಲುಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿತ್ತು, ಅಂದರೆ 90 ಅಂಕ. ‘ಬ’ ಕೊಟ್ಟಿದ್ದು 14, ಅಂದರೆ 70. ಇದನ್ನು ನೋಡಿ ನಮ್ಮ ಅಸೆಂಬ್ಲಿ ಸೂಪರ್‌ವೈಸರ್ ಒಪ್ಪಲೇ ಇಲ್ಲ. "ಸರ್, ನನ್ನ ಲೈನ್ ನಿಲ್ಲೋದು ಯಾವಾಗಲೂ ‘ಅ’ದವರ ಮಾಲಿಗೇ" ಅಂದರು. ಅವರ ಮಾತು ನಿಜವೇ ಆಗಿತ್ತು.

ಪಿಒ, ಅಂದರೆ ಪರ್ಚೇಸ್ ಆರ್ಡರ್‌ನ ಪ್ರತಿ ಸಾಲಿಗೂ ಸ್ಯಾಪ್ ಎರಡು ತಾರೀಖು ಇಟ್ಟುಕೊಂಡಿರುತ್ತದೆ. `EKET` ಟೇಬಲ್‌ನಲ್ಲಿ `EINDT` ಅನ್ನುವುದು ಈಗಿನ ಡೆಲಿವರಿ ತಾರೀಖು. `SLFDT` ಅನ್ನುವುದು ಲೆಕ್ಕಕ್ಕೆಂದೇ ಇಟ್ಟಿರುವ ತಾರೀಖು. ಸಪ್ಲೈಯರ್ ಫೋನ್ ಮಾಡಿ "ಒಂದು ವಾರ ತಡ ಆಗುತ್ತೆ" ಅಂದರೆ ನಮ್ಮ ಹುಡುಗರು `EINDT` ತಿದ್ದುತ್ತಾರೆ. ಪ್ಲಾನಿಂಗ್‌ಗೆ ನಿಜವಾದ ತಾರೀಖು ಗೊತ್ತಾಗಬೇಕಲ್ವಾ, ಹಾಗಾಗಿ ತಿದ್ದಲೇಬೇಕು. ಆದರೆ ಅಂಕವನ್ನೂ ಅದರ ಮೇಲೆ ಹಾಕಿದರೆ ಫೋನ್ ಮಾಡಿ ತಡ ಮಾಡಿದವರೆಲ್ಲ ಪಾಸು. ಯಾರೂ ಕೈ ಹಾಕದಿದ್ದರೆ `SLFDT` ಮೊದಲು ಒಪ್ಪಿದ ತಾರೀಖಿನಲ್ಲೇ ಉಳಿದಿರುತ್ತದೆ.

‘ಅ’ದ ಸಾಲುಗಳಲ್ಲಿ ಎರಡೂ ತಾರೀಖು ಅಕ್ಕಪಕ್ಕ ಇಟ್ಟು ನೋಡಿದೆ. ಪಾಸಾದ 18ರಲ್ಲಿ 8 ಸಾಲುಗಳು ಮೊದಲ ತಾರೀಖಿಗೆ ಬಂದೇ ಇರಲಿಲ್ಲ. ಆ ಎಂಟರಲ್ಲಿ ಒಂದನ್ನು ಮುಂದಕ್ಕೆ ಹಾಕಲು ಕೇಳಿದ್ದು ನಾವೇ, ನಮ್ಮ ಗ್ರಾಹಕರು ಆರ್ಡರ್ ಮುಂದೂಡಿದ್ದರು. ಅದರ ತಪ್ಪು ಫೌಂಡ್ರಿಯದಲ್ಲ. ಅದನ್ನು ಪಾಸು ಅಂತಲೇ ಹಿಡಿದರೆ ‘ಅ’ಕ್ಕೆ ಸಿಗಬೇಕಾದದ್ದು 20ಕ್ಕೆ 11, ಅಂದರೆ 55 ಅಂಕ. ಈಗ ನಮ್ಮಲ್ಲಿ ನಿಯಮ ಇಷ್ಟೇ: ನಾವು ಕೇಳಿದ್ದಾದರೆ ಎರಡೂ ತಾರೀಖು ತಿದ್ದು, ಅವರು ಕೇಳಿದ್ದಾದರೆ `EINDT` ಮಾತ್ರ.

‘ಬ’ದ ಕಥೆ ಬೇರೆ. ತಡ ಅಂತ ತೋರಿಸಿದ ಆರು ಸಾಲುಗಳ ಜಿಆರ್‌ಎನ್, ಅಂದರೆ ಮಾಲು ಪಡೆದ ದಾಖಲೆ, ತೆರೆದು ನೋಡಿದೆ. ಸೆಕ್ಯುರಿಟಿಯವರ ಗೇಟ್ ಎಂಟ್ರಿ ನಂಬರನ್ನೂ ತಾರೀಖನ್ನೂ ಸ್ಟೋರ್ಸ್‌ನವರು ಅದರ ಹೆಡರ್ ಟೆಕ್ಸ್ಟ್‌ನಲ್ಲಿ ಬರೆದಿರುತ್ತಾರೆ. ನಾಲ್ಕು ಲೋಡು ಹೊತ್ತಿಗೇ ಗೇಟಿನೊಳಗೆ ಬಂದಿದ್ದವು. ಒಂದು ಲೋಡಂತೂ ಶನಿವಾರ ಮಧ್ಯಾಹ್ನ ಬಂದು ಮಂಗಳವಾರದವರೆಗೂ ಸ್ಟೋರ್ಸ್ ಮುಂದೆಯೇ ಇತ್ತು. ಜಿಆರ್‌ಎನ್ ಪೋಸ್ಟಿಂಗ್ ತಾರೀಖು ಹಿಡಿದರೆ ನಮ್ಮ ಸೋಮಾರಿತನಕ್ಕೆ ಅವರ ಅಂಕ ಕಡಿದ ಹಾಗೆ. ಗೇಟ್ ತಾರೀಖು ಹಿಡಿದಾಗ ‘ಬ’ಕ್ಕೆ 18 ಸಾಲು, 90 ಅಂಕ.

ಒಂದೇ ಐಟಂ ಅನ್ನು ಮೂರು ಕಂತಿನಲ್ಲಿ ಕೇಳಿದ್ದರೆ ಇನ್ನೂ ಒಂದು ತೊಡಕಿದೆ. ಯಾವ ಜಿಆರ್‌ಎನ್ ಯಾವ ಕಂತಿನದು ಅಂತ ಪಿಒ ಹಿಸ್ಟರಿ ಇರುವ `EKBE` ಟೇಬಲ್ ಹೇಳುವುದಿಲ್ಲ, ಐಟಂವರೆಗೆ ಮಾತ್ರ ಹೇಳುತ್ತದೆ. ಹಾಗಾಗಿ ಬಂದ ಮಾಲನ್ನು ಹಳೆಯ ಕಂತಿನಿಂದ ಶುರು ಮಾಡಿ ವಜಾ ಹಾಕುತ್ತಾ ಹೋಗಬೇಕು. 102 ಮೂವ್‌ಮೆಂಟ್ ಟೈಪ್‌ನಲ್ಲಿ ರದ್ದಾದ ಎಂಟ್ರಿಗಳನ್ನು ಮೊದಲೇ ಕಳೆಯಬೇಕು.

ಗುಣಮಟ್ಟಕ್ಕೆ ಇನ್‌ಸ್ಪೆಕ್ಷನ್ ಲಾಟ್‌ಗಳ ತೀರ್ಮಾನ ಸಾಕು. ಆದರೆ ‘ಡೀವಿಯೇಷನ್‌ನಲ್ಲಿ ಒಪ್ಪಿದೆ’ ಅನ್ನುವುದನ್ನು ಪೂರ್ತಿ ಪಾಸ್ ಅನ್ನಬೇಡಿ. ನಾವು ಅರ್ಧ ಕೊಡುತ್ತೇವೆ. ‘ಬ’ದ 20 ಲಾಟ್‌ಗಳಲ್ಲಿ 18 ಸರಿ, 2 ಡೀವಿಯೇಷನ್, ಅಂದರೆ 95 ಅಂಕ. ‘ಅ’ದ್ದು 19 ಸರಿ, 1 ರಿಜೆಕ್ಟ್, ಅದೂ 95. ಇನ್‌ಸ್ಪೆಕ್ಷನ್ ಇಲ್ಲದೆ ನೇರ ಸ್ಟಾಕಿಗೆ ಹೋಗುವ ಮಾಲಿಗೆ ಸುಮ್ನೆ 100 ಹಾಕಬಾರದು, ಖಾಲಿ ಬಿಡಬೇಕು. ಪರೀಕ್ಷೆಯನ್ನೇ ಮಾಡದೆ ಪಾಸು ಅಂದ ಹಾಗಾಗುತ್ತದೆ.

ಬೆಲೆಗೆ ಅಗ್ಗದವರಿಗೆ ಜಾಸ್ತಿ ಅಂಕ ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ. ಅಗ್ಗ ಇದ್ದದ್ದಕ್ಕೇ ಅಲ್ವಾ ಆರ್ಡರ್ ಕೊಟ್ಟಿದ್ದು? ಏಪ್ರಿಲ್ ಬೆಲೆಗೆ ಹೋಲಿಸಿ ಏರಿದ ಪ್ರತಿ ಶೇಕಡಾ 1ಕ್ಕೆ 5 ಅಂಕ ಕಳೆಯುತ್ತೇನೆ. ಕಚ್ಚಾಮಾಲಿನ ಬೆಲೆಗೆ ಅಂತ ಒಪ್ಪಂದದಲ್ಲೇ ಇರುವ ಏರಿಕೆಯನ್ನು ಮೊದಲೇ ತೆಗೆದಿರುತ್ತೇನೆ. ‘ಅ’ ಬೆಲೆ ಏರಿಸಿರಲಿಲ್ಲ, 100. ‘ಬ’ ಶೇಕಡಾ 4 ಏರಿಸಿತ್ತು, 80.

ನಮ್ಮಲ್ಲಿ ಡೆಲಿವರಿಗೆ 40, ಗುಣಮಟ್ಟಕ್ಕೆ 40, ಬೆಲೆಗೆ 20 ತೂಕ. ಹಳೆಯ ತಾರೀಖುಗಳಲ್ಲಿ ‘ಅ’ಕ್ಕೆ 94, ‘ಬ’ಕ್ಕೆ 82 ಬರುತ್ತಿತ್ತು. ತಾರೀಖು ಸರಿ ಮಾಡಿದ ಮೇಲೆ ‘ಅ’ಕ್ಕೆ 80, ‘ಬ’ಕ್ಕೆ 90.

ಅಂಕದ ಜೊತೆಗೆ ತಡವಾದ ಸಾಲುಗಳ ಪಟ್ಟಿಯನ್ನೂ ಇಬ್ಬರಿಗೂ ಕಳಿಸಿದೆ. ‘ಅ’ದ ಮಾಲೀಕರು ಡೆಲಿವರಿ ಚಲನ್‌ಗಳ ಫೈಲು ಹಿಡಿದು ಬಂದರು. ಎರಡು ಗಂಟೆ ಕೂತು ಒಂದೊಂದೇ ಸಾಲು ತಾಳೆ ನೋಡಿದೆವು. ಒಂದು ಕಡೆ ಗೇಟ್ ತಾರೀಖನ್ನು ನಮ್ಮವರೇ ತಪ್ಪಾಗಿ ಬರೆದಿದ್ದರು. ಅದನ್ನು ತಿದ್ದಿ 12 ಮಾಡಿದೆವು. ಉಳಿದ ಎಂಟನ್ನು ಅವರು ಒಪ್ಪಿ ಸಹಿ ಹಾಕಿದರು.