ವಾಂತಿಯಾದ ಮಾತ್ರೆಯ ಲೆಕ್ಕ

"ಡಾಕ್ಟ್ರೇ, ಒಂದು ನುಂಗಿದೆ, ವಾಂತಿಯಾಯ್ತು. ಅರ್ಧ ಗಂಟೆ ಬಿಟ್ಟು ಇನ್ನೊಂದು ನುಂಗಿದೆ, ಅದೂ ಹೋಯ್ತು. ಮೂರನೇದು ಹಾಕ್ಕೊಳ್ಳೋಣ ಅಂತಿದ್ದೆ, ಇವ್ರು ಬೇಡ ಅಂದ್ರು."

ತಿಂಗಳಿಗೆ ನಾಲ್ಕೈದು ಸಲವಾದರೂ ಈ ಮಾತು ಕೇಳುತ್ತೇನೆ. ಬೇಡ ಅಂದ ಯಜಮಾನರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ, ಮೇಜಿನ ಮೇಲಿನ ಚೀಟಿಯ ಹಿಂಬದಿಯಲ್ಲಿ ಒಂದು ಹೊಟ್ಟೆಯ ಚಿತ್ರ ಬರೆಯುತ್ತೇನೆ. ಚಿತ್ರ ಯಾವತ್ತೂ ಬದನೆಕಾಯಿಯಂತೆಯೇ ಬರುತ್ತದೆ. ಆ ಬದನೆಕಾಯಿಯ ಕೆಳಗಿನ ಬಾಗಿಲಿಗೆ ಒಂದು ಅಡ್ಡಗೆರೆ ಎಳೆದು ಹೇಳುತ್ತೇನೆ: ಮೈಗ್ರೇನ್ ಜೋರಾದಾಗ ಈ ಬಾಗಿಲು ಸರಿಯಾಗಿ ತೆರೆಯುವುದಿಲ್ಲ.

ಇಷ್ಟೇ ವಿಷಯ. ಆದರೆ ಇದೊಂದು ಯಾಕೋ ಯಾರ ತಲೆಗೂ ಇಳಿಯುವುದಿಲ್ಲ. ಮಾತ್ರೆ ವಾಂತಿಯಲ್ಲಿ ಹೊರಗೆ ಬಂದದ್ದೇ ತೊಂದರೆ, ಒಳಗೆ ನಿಂತಿದ್ದರೆ ಕೆಲಸ ಮಾಡುತ್ತಿತ್ತು ಎಂದು ಎಲ್ಲರೂ ನಂಬಿದ್ದಾರೆ. ಹೊಟ್ಟೆ ಮಾತ್ರೆಯನ್ನು ಇಟ್ಟುಕೊಳ್ಳುವ ಜಾಗ ಮಾತ್ರ. ಮಾತ್ರೆ ರಕ್ತಕ್ಕೆ ಸೇರುವುದು ಅದರಾಚೆಯ ಸಣ್ಣ ಕರುಳಿನಲ್ಲಿ. ಮೈಗ್ರೇನ್ ಏರಿದಾಗ ಹೊಟ್ಟೆಯ ಚಲನೆ ಮಂದವಾಗುತ್ತದೆ, ನುಂಗಿದ್ದು ಅಲ್ಲೇ ಮಡುಗಟ್ಟುತ್ತದೆ. 1970ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಮೈಗ್ರೇನ್ ರೋಗಿಗಳಿಗೆ ಆಸ್ಪಿರಿನ್ ಕೊಟ್ಟು ರಕ್ತ ಪರೀಕ್ಷಿಸಿ, ದಾಳಿಯ ಹೊತ್ತಿನಲ್ಲಿ ಔಷಧ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ ಎಂದು ತೋರಿಸಿದ್ದರು. ಹಾಗಾಗಿ ವಾಂತಿಯಾಗದೆ ಬರೀ ಓಕರಿಕೆ ಇದ್ದವರಿಗೂ ಮಾತ್ರೆ ಕೈಕೊಡಬಹುದು. ವಾಂತಿ ಕಣ್ಣಿಗೆ ಕಾಣುತ್ತದೆ, ಮುಚ್ಚಿದ ಬಾಗಿಲು ಕಾಣುವುದಿಲ್ಲ.

ನಮ್ಮ ಕಡೆ ಇದಕ್ಕೆ 'ಪಿತ್ತ' ಎಂದು ಹೆಸರು. ಪಿತ್ತ ಕೆರಳಿದೆ, ಹಳದಿ ನೀರು ಹೋದರೆ ತಲೆ ಹಗುರಾಗುತ್ತದೆ ಎನ್ನುತ್ತಾರೆ. ಈಗಿನವರಾದರೆ 'ಗ್ಯಾಸ್ಟ್ರಿಕ್' ಎನ್ನುತ್ತಾರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ನುಂಗುತ್ತಾರೆ. ವಾಂತಿಯಾದ ಮೇಲೆ ಕೆಲವರಿಗೆ ನಿದ್ದೆ ಹತ್ತಿ ನೋವು ಇಳಿಯುವುದು ನಿಜ, ಅಜ್ಜಿಯರು ಸುಳ್ಳು ಹೇಳಲಿಲ್ಲ. ಆದರೆ ತಲೆನೋವು ಹೊಟ್ಟೆಯಿಂದ ಹುಟ್ಟಿದ್ದಲ್ಲ. ತಲೆಯಲ್ಲಿ ಶುರುವಾದದ್ದು ಹೊಟ್ಟೆಯನ್ನೂ ಹಿಡಿದು ನಿಲ್ಲಿಸಿದೆ.

ಎರಡನೇ ತಪ್ಪು ತಿಳಿವಳಿಕೆ ಓದಿಕೊಂಡವರದ್ದು. "ನಾನು ನುಂಗೋದೇ ಇಲ್ಲ ಡಾಕ್ಟ್ರೇ, ನಾಲಗೆ ಮೇಲೆ ಕರಗೋದನ್ನ ತಗೋತೀನಿ." ರೈಜಟ್ರಿಪ್ಟಾನ್ ಎಂಬ ಮೈಗ್ರೇನ್ ಮಾತ್ರೆ ಆ ರೂಪದಲ್ಲಿ ಸಿಗುತ್ತದೆ, ಒಳ್ಳೆಯ ಔಷಧವೇ. ಆದರೆ ಬಾಯಲ್ಲಿ ಅದು ಕರಗುತ್ತದೆ, ಅಷ್ಟೇ. ಕರಗಿದ್ದು ಉಗುಳಿನ ಜೊತೆ ಗಂಟಲಿಳಿದು ಅದೇ ಬದನೆಕಾಯಿಗೆ ಹೋಗಿ, ಅದೇ ಬಾಗಿಲ ಮುಂದೆ ಕಾಯುತ್ತದೆ. ನೀರು ಕುಡಿಯುವ ಕಷ್ಟ ತಪ್ಪುತ್ತದೆ, ಹೊಟ್ಟೆ ತಪ್ಪುವುದಿಲ್ಲ.

ಹೊಟ್ಟೆಯನ್ನು ಪೂರ್ತಿ ಬಿಟ್ಟು ಹೋಗುವ ದಾರಿ ಅದೇ ಜಾತಿಯ ಇನ್ನೊಂದು ಮೈಗ್ರೇನ್ ಔಷಧವಾದ ಸುಮಾಟ್ರಿಪ್ಟಾನ್ ಇಂಜೆಕ್ಷನ್. ಅಮೆರಿಕದಲ್ಲಿ 1992ರ ಕೊನೆಯಲ್ಲಿ ಈ ಔಷಧಕ್ಕೆ ಮೊದಲು ಅನುಮತಿ ಸಿಕ್ಕಿದ್ದು ಇಂಜೆಕ್ಷನ್ ರೂಪದಲ್ಲೇ, ಮಾತ್ರೆ ಬಂದದ್ದು 1995ರಲ್ಲಿ. ನಮ್ಮಲ್ಲಿ ಮಾತ್ರ ಇಂಜೆಕ್ಷನ್ ಎಂದರೆ ಇನ್ನೇನೂ ಉಳಿಯದಾಗ ಕೊಡುವುದು ಎಂಬ ಭಾವನೆ. ನುಂಗಿದ ಸುಮಾಟ್ರಿಪ್ಟಾನ್‌ನಲ್ಲಿ ನೂರಕ್ಕೆ ಹದಿನೈದು ಪಾಲಿನಷ್ಟು ಮಾತ್ರ ರಕ್ತ ತಲುಪುತ್ತದೆ, ಉಳಿದದ್ದರಲ್ಲಿ ಬಹುಪಾಲನ್ನು ಯಕೃತ್ತು ದಾರಿಯಲ್ಲೇ ಒಡೆದುಹಾಕುತ್ತದೆ. ಚರ್ಮದಡಿಗೆ ಚುಚ್ಚಿದರೆ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. ಮಾತ್ರೆ 50 ಅಥವಾ 100 ಮಿಲಿಗ್ರಾಂ, ಇಂಜೆಕ್ಷನ್ ಬರೀ 6 ಮಿಲಿಗ್ರಾಂ ಇರುವುದು ಇದಕ್ಕೇ. ಚುಚ್ಚಿದ 12 ನಿಮಿಷದ ಸುಮಾರಿಗೆ ರಕ್ತದಲ್ಲಿ ಅದರ ಪ್ರಮಾಣ ತುದಿ ಮುಟ್ಟುತ್ತದೆ. ಮಾತ್ರೆಗೆ ಎರಡು ಗಂಟೆಯ ಹತ್ತಿರ ಬೇಕು, ಅದೂ ಬಾಗಿಲು ತೆರೆದಿದ್ದರೆ.

ಒಬ್ಬರ ಕಥೆ ಹೇಳುತ್ತೇನೆ. ಹೈಸ್ಕೂಲ್ ಶಿಕ್ಷಕಿ, 34 ವರ್ಷ. ತಿಂಗಳಿಗೆ ಮೂರು ದಾಳಿ. ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ ಮಾತ್ರೆ "ಒಂದೊಂದು ಸಲ ಅಮೃತ, ಒಂದೊಂದು ಸಲ ಬರೀ ಸುಣ್ಣ" ಎಂದರು. ಗಂಟೆ ಸಮೇತ ಬರೆದು ತನ್ನಿ ಎಂದೆ. ಮೇಷ್ಟ್ರುಗಳಲ್ಲವೇ, ಎರಡು ತಿಂಗಳ ಹಾಜರಿ ಪುಸ್ತಕದಂತೆ ಅಂಕಣ ಎಳೆದು ತಂದರು. ನೋಡಿದರೆ ಎರಡು ಜಾತಿಯ ದಾಳಿ. ಮಧ್ಯಾಹ್ನ ಬಿಸಿಲಲ್ಲಿ ನಿಧಾನವಾಗಿ ಶುರುವಾಗುವುದಕ್ಕೆ ಆರಂಭದಲ್ಲೇ ಮಾತ್ರೆ ನುಂಗಿದರೆ ಒಂದೂವರೆ ಗಂಟೆಯಲ್ಲಿ ಪಾಠ ಮಾಡುವಷ್ಟು ಸರಿ. ಇನ್ನೊಂದು ನಸುಕಿನ 5 ಗಂಟೆಗೆ ಎಬ್ಬಿಸುವಂಥದ್ದು. ಎಚ್ಚರಾಗುವ ಹೊತ್ತಿಗೇ ನೋವು ಪೂರ್ತಿ ಏರಿರುತ್ತದೆ. 5.10ಕ್ಕೆ ಮಾತ್ರೆ, 5.40ಕ್ಕೆ ವಾಂತಿ, 6ಕ್ಕೆ ಇನ್ನೊಂದು ಮಾತ್ರೆ, ಮತ್ತೆ ವಾಂತಿ. 9ಕ್ಕೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಬಾಟಲ್ ಗ್ಲೂಕೋಸ್, ವಾಂತಿ ನಿಲ್ಲುವ ಇಂಜೆಕ್ಷನ್, ಸಂಜೆವರೆಗೆ ಕತ್ತಲೆ ಕೋಣೆ. ಔಷಧ ಎರಡು ಸಲವೂ ಅದೇ. ಮೊದಲನೆಯದರಲ್ಲಿ ಬಾಗಿಲು ಇನ್ನೂ ತೆರೆದಿತ್ತು, ಎರಡನೆಯದರಲ್ಲಿ ಏಳುವ ಮೊದಲೇ ಮುಚ್ಚಿತ್ತು.

ಮಧ್ಯಾಹ್ನದ್ದಕ್ಕೆ ಮಾತ್ರೆಯೇ ಇರಲಿ, ನಸುಕಿನದ್ದಕ್ಕೆ ಮಾತ್ರೆ ಮುಟ್ಟಬೇಡಿ, ನೇರ ಇಂಜೆಕ್ಷನ್ ಎಂದು ತೀರ್ಮಾನಿಸಿದೆವು. ಮೊದಲು ಬಿಪಿ ನೋಡಿ, ಇಸಿಜಿ ಮಾಡಿಸಿದೆ. ಹೃದಯದ ರಕ್ತನಾಳದ ಕಾಯಿಲೆ, ಪಾರ್ಶ್ವವಾಯು, ಹತೋಟಿಗೆ ಬಾರದ ಬಿಪಿ ಇದ್ದವರಿಗೆ ಈ ಔಷಧ ಯಾವ ರೂಪದಲ್ಲೂ ಸಲ್ಲದು, ಏಕೆಂದರೆ ಇದು ರಕ್ತನಾಳವನ್ನು ಬಿಗಿಗೊಳಿಸುತ್ತದೆ. ಮೊದಲ ಇಂಜೆಕ್ಷನ್ ನನ್ನೆದುರೇ ಆಗಲಿ ಎಂದಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ಏಳಕ್ಕೆ ಮುಸುರೆ ಬಕೆಟ್ ಕೈಯಲ್ಲಿ ಹಿಡಿದೇ ಬಂದರು. ತೊಡೆಯ ಹೊರಬದಿಯಲ್ಲಿ ಚರ್ಮ ಚಿವುಟಿ ಹಿಡಿದು ಅರ್ಧ ಎಂ.ಎಲ್. ಕೊಟ್ಟೆ. ಮೂರು ನಿಮಿಷಕ್ಕೆ ಮುಖ ಬಿಸಿಯಾಯಿತು, ಕುತ್ತಿಗೆ ಬಿಗಿಯಿತು, ಎದೆ ಮೇಲೆ ಯಾರೋ ಕೈ ಒತ್ತಿದ ಹಾಗಿದೆ ಎಂದರು. ಯಜಮಾನರ ಮುಖ ಬಿಳಿಚಿತು. ಹೀಗಾಗಬಹುದೆಂದು ಮೊದಲೇ ಹೇಳಿದ್ದೆ, ಆದರೂ ಹೇಳಿದ್ದು ಬೇರೆ, ಆಗುವುದು ಬೇರೆ. ಬಹುಪಾಲು ಜನರಲ್ಲಿ ಇದು ಕೆಲವೇ ನಿಮಿಷದಲ್ಲಿ ಇಳಿಯುತ್ತದೆ, ಇವರಿಗೂ ಇಳಿಯಿತು. ಇಳಿಯದೆ ಉಳಿದ ಎದೆನೋವನ್ನು ಮಾತ್ರ ಯಾರೂ 'ಇದು ಇಂಜೆಕ್ಷನ್ನಿಂದ' ಎಂದು ತಳ್ಳಿಹಾಕಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹದಿನೆಂಟನೇ ನಿಮಿಷಕ್ಕೆ ಅವರು ಕಣ್ಣು ತೆರೆದು, "ಫ್ಯಾನ್ ಹಾಕಿದ್ರಾ? ಆಗ ಇದರ ಸದ್ದೇ ತಲೆ ಒಡೀತಿತ್ತು" ಎಂದರು. ಫ್ಯಾನ್ ಮೊದಲಿಂದ ತಿರುಗುತ್ತಲೇ ಇತ್ತು.

ಮಧ್ಯಾಹ್ನ ಎರಡಕ್ಕೆ ನೋವು ಸ್ವಲ್ಪ ಮರಳಿತು. ಇದೂ ಮಾಮೂಲು, ಈ ಔಷಧ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಅಷ್ಟರಲ್ಲಿ ಮಜ್ಜಿಗೆ ಅನ್ನ ಉಂಡಿದ್ದರು, ಹೊಟ್ಟೆ ತೆರೆದಿತ್ತು, 50 ಮಿಲಿಗ್ರಾಂ ಮಾತ್ರೆ ಸಾಕಾಯಿತು. ಇಂಜೆಕ್ಷನ್ನನ್ನೇ ಮತ್ತೆ ತೆಗೆದುಕೊಳ್ಳುವುದಾದರೆ ಕನಿಷ್ಠ ಒಂದು ಗಂಟೆಯ ಅಂತರ ಬೇಕು, 24 ಗಂಟೆಯಲ್ಲಿ ಎರಡು ದಾಟಬಾರದು. ಮೊದಲನೆಯದಕ್ಕೆ ನೋವು ಚೂರೂ ಜಗ್ಗದಿದ್ದರೆ ಎರಡನೆಯದರಿಂದ ಲಾಭ ಕಡಿಮೆ, ಆಗ ರೋಗವನ್ನೇ ಮರುಯೋಚಿಸಬೇಕು. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಜ್ವರ ಅಥವಾ ಕುತ್ತಿಗೆ ಸೆಟೆದಿರುವುದು, ಕೈಕಾಲು ಬಲಹೀನವಾಗುವುದು ಇದ್ದರೆ ಇಂಜೆಕ್ಷನ್ ಹುಡುಕಬೇಡಿ, ಆಸ್ಪತ್ರೆ ಹುಡುಕಿ.

ಈ ಚುಚ್ಚುಮದ್ದು ಚರ್ಮದಡಿಗೆ ಮಾತ್ರ, ಸೊಂಟಕ್ಕಲ್ಲ. ನರಕ್ಕಂತೂ ಖಂಡಿತ ಅಲ್ಲ, ನೇರ ರಕ್ತಕ್ಕೆ ಹೋದರೆ ಹೃದಯದ ರಕ್ತನಾಳ ಸೆಟೆದುಕೊಳ್ಳುವ ಅಪಾಯವಿದೆ. "ಹೇಗೂ ಬಾಟಲ್ ಹಾಕಿದೀರಲ್ಲ, ಅದಕ್ಕೇ ಸೇರಿಸಿಬಿಡಿ" ಎಂದು ಒಬ್ಬರು ಕಾಂಪೌಂಡರ್‌ಗೆ ಸಲಹೆ ಕೊಟ್ಟದ್ದನ್ನು ಕೇಳಿ ನಾನು ಕುರ್ಚಿಯಿಂದ ಎದ್ದಿದ್ದೇನೆ.

ಸೂಜಿ ಬೇಡ ಎನ್ನುವವರಿಗೆ ಇದೇ ಔಷಧದ ಮೂಗಿನ ಸ್ಪ್ರೇ ಇದೆ, ದೊಡ್ಡವರಿಗೆ ಸಾಮಾನ್ಯವಾಗಿ 20 ಮಿಲಿಗ್ರಾಂ. ಅದನ್ನು ನಾನು ಮಧ್ಯಮ ದಾರಿ ಎಂದೇ ಹೇಳುತ್ತೇನೆ. ಮೂಗಿನ ಒಳಪೊರೆಯಿಂದ ಸ್ವಲ್ಪ ಬೇಗ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಗಂಟಲಿಗೆ ಜಾರಿ ಹೊಟ್ಟೆಗೇ ಹೋಗುತ್ತದೆ. ಇಲ್ಲಿ ಕೆಡಿಸುವುದು ನಮ್ಮ ಹಳೇ ಅಭ್ಯಾಸ. ನೆಗಡಿಯ ಹನಿ ಹಾಕಿಕೊಂಡಂತೆ ತಲೆ ಹಿಂದಕ್ಕೆ ಬಾಗಿಸಿ, ಸ್ಪ್ರೇ ಒತ್ತಿ, ನಶ್ಯದಂತೆ ಜೋರಾಗಿ ಎಳೆಯುತ್ತಾರೆ. ಔಷಧವೆಲ್ಲ ಗಂಟಲಿಗೆ ಇಳಿಯುತ್ತದೆ. ಅದು ಹಾಗಲಕಾಯಿಗಿಂತ ಕಹಿ, ಓಕರಿಕೆ ಇದ್ದವರಿಗೆ ಅಲ್ಲೇ ವಾಂತಿ. ಮೂಗು ಸೀನಿ ಸ್ವಚ್ಛ ಮಾಡಿ, ತಲೆ ನೆಟ್ಟಗಿಟ್ಟು, ಒಂದು ಹೊಳ್ಳೆ ಮುಚ್ಚಿ, ಇನ್ನೊಂದರಲ್ಲಿ ಮೆಲ್ಲಗೆ ಉಸಿರೆಳೆಯುತ್ತಾ ಒತ್ತಬೇಕು, ಆಮೇಲೆ ಬಾಯಿಂದ ಉಸಿರು ಬಿಡಬೇಕು. ಒಂದೇ ಸಲದ ಸ್ಪ್ರೇ ಆದರೆ "ಬರುತ್ತೋ ಇಲ್ವೋ" ಎಂದು ಗಾಳಿಗೆ ಒತ್ತಿ ನೋಡಬೇಡಿ, ಇದ್ದ ಒಂದೂ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ನಸುಕಿಗೆದ್ದು "ಮೊದಲು ಮನೇಲಿದ್ದ ಮಾತ್ರೆ ನೋಡೋಣ, ಆಗದಿದ್ದರೆ ಇಂಜೆಕ್ಷನ್" ಎನ್ನುವ ಲೆಕ್ಕ ಬಹಳ ಸಲ ತಲೆಕೆಳಗಾಗುತ್ತದೆ. ಮನೆಯಲ್ಲಿದ್ದದ್ದು ರೈಜಟ್ರಿಪ್ಟಾನ್ ಆಗಿದ್ದರೆ, ಅಥವಾ ಅರೆತಲೆನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೊಟ್ಟ ಎರ್ಗೋಟಮಿನ್ ಸೇರಿದ ಮಾತ್ರೆಯಾಗಿದ್ದರೆ, ಮುಂದಿನ 24 ಗಂಟೆ ಸುಮಾಟ್ರಿಪ್ಟಾನ್ ಇಂಜೆಕ್ಷನ್ ಕೊಡುವಂತಿಲ್ಲ. ಎರಡೂ ರಕ್ತನಾಳವನ್ನೇ ಬಿಗಿಯುವ ಜಾತಿಯವು. ವಾಂತಿಯಾಗಿದೆ, ಆದ್ದರಿಂದ ತೆಗೆದುಕೊಂಡಿಲ್ಲ ಎಂದು ಲೆಕ್ಕ ಹಾಕುವ ಹಾಗಿಲ್ಲ. ಎಷ್ಟು ಹೊರಗೆ ಬಂತು, ಎಷ್ಟು ಒಳಗೆ ಕಾಯುತ್ತಿದೆ ಎಂದು ನನಗೂ ಗೊತ್ತಾಗುವುದಿಲ್ಲ. ನುಂಗಿದ್ದು ಸುಮಾಟ್ರಿಪ್ಟಾನ್ ಮಾತ್ರೆಯೇ ಆಗಿದ್ದರೆ ಒಂದು ಗಂಟೆ ಬಿಟ್ಟು ಇಂಜೆಕ್ಷನ್ ಕೊಡಬಹುದು. ಅದಕ್ಕೇ ಮಾತ್ರೆ ಹಾಳೆಯ ಮೇಲಿನ ಹೆಸರು ನೋಡದೆ 'ಬಿಳೀ ಮಾತ್ರೆ' ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಹಾಗೆಯೇ ತಿಂಗಳಿಗೆ ಹತ್ತು ದಿನ ಇವುಗಳಲ್ಲಿ ಯಾವುದನ್ನಾದರೂ ಬಳಸುವ ಸ್ಥಿತಿ ಬಂದರೆ ಔಷಧವೇ ತಲೆನೋವು ತರಲು ಶುರುಮಾಡಬಹುದು. ಆಗ ಮಾತು ದಾಳಿ ತಡೆಯುವ ನಿತ್ಯದ ಔಷಧದ ಕಡೆಗೆ ತಿರುಗಬೇಕು.

ಶಿಕ್ಷಕಿಗೆ ಚುಚ್ಚಿಕೊಳ್ಳಲು ಕಲಿಸಿದ್ದು ನಾನಲ್ಲ, ದಿನಕ್ಕೆರಡು ಸಲ ಇನ್ಸುಲಿನ್ ತೆಗೆದುಕೊಳ್ಳುವ ಅವರ ಅತ್ತೆ. "ಹೊಟ್ಟೆಗೆ ಚುಚ್ಚಿದ್ರೆ ನೋವೇ ಆಗಲ್ಲ ಅಂತಾರೆ ನಮ್ಮತ್ತೆ" ಎಂದು ಫೋನ್ ಮಾಡಿದ್ದರು. ಇನ್ಸುಲಿನ್ನಿಗೆ ಹೊಟ್ಟೆ ಸರಿ, ಇದಕ್ಕೆ ತೊಡೆ ಅಥವಾ ತೋಳಿನ ಹೊರಬದಿ ಎಂದೆ. ಅತ್ತೆಯ ಇನ್ಸುಲಿನ್ ಜೊತೆ ಫ್ರಿಜ್ಜಿನಲ್ಲಿಟ್ಟಿದ್ದರು, ಅದೂ ಬೇಡ, ಬಿಸಿಲು ಬೆಳಕು ತಾಗದ ಕಪಾಟು ಸಾಕು ಎಂದೆ. ಮೊನ್ನೆ ಬಂದವರು ಎರಡು ಸಿರಿಂಜ್‌ಗಳನ್ನು ಮೇಜಿನ ಮೇಲಿಟ್ಟರು. ನಾಲ್ಕು ತಿಂಗಳಲ್ಲಿ ಮೂರು ಬಳಸಿದ್ದರಂತೆ, ಉಳಿದ ಎರಡರ ಅವಧಿ ಬರುವ ತಿಂಗಳು ಮುಗಿಯುತ್ತದೆ. "ವೇಸ್ಟ್ ಆಗುತ್ತಲ್ಲ ಡಾಕ್ಟ್ರೇ, ಮುಂದಿನ ಸಲ ಮಧ್ಯಾಹ್ನದ ತಲೆನೋವಿಗೂ ಇದನ್ನೇ ತಗೊಳ್ಳಲಾ?" ಎಂದರು. ನಾನು ಅವುಗಳನ್ನು ವಾಪಸ್ ತೆಗೆದುಕೊಂಡು, ಹೊಸ ಚೀಟಿ ಬರೆದೆ.